ರಜೆಯಲ್ಲಿ ಶಾಲೆಯ ಒಂದು ಖೋಲಿ ಕೇಳಿ ಬರೆದ ಪತ್ರ

ಕಳೆದ ದಸರಾ ರಜೆಯಲ್ಲಿ ಗದಗಿನ ಅನುದಾನಿತ ಶಾಲೆಯೊಂದರಲ್ಲಿ ನಾವು ಹನ್ನೆರಡು ನಿಮಿಷದ ಕಿರುಚಿತ್ರವೊಂದನ್ನು ಚಿತ್ರೀಕರಿಸಿದೆವು. ನಿವೃತ್ತರಾದ ಗುರುಗಳೊಬ್ಬರು ಯಾರೂ ಇಲ್ಲದ ಹೊತ್ತಿನಲ್ಲಿ ತಮ್ಮ ಹಳೆಯ ತರಗತಿಗೆ ಬಂದು ಕೂಡುವ ಕಥೆ ಅದು. ಅನುಮತಿಗಾಗಿ ನಾನು ಬರೆದ ಮೊದಲ ಪತ್ರ ನಾಲ್ಕೇ ಸಾಲಿನದಾಗಿತ್ತು. ಚಿತ್ರೀಕರಣ ಮಾಡಬೇಕಾಗಿದೆ, ರಜೆಯಲ್ಲಿ ಎರಡು ಮೂರು ದಿನ ಅವಕಾಶ ಕೊಡಬೇಕು, ಶಾಲೆಗೆ ಯಾವ ತೊಂದರೆಯೂ ಆಗದಂತೆ ನೋಡಿಕೊಳ್ಳುತ್ತೇವೆ ಎಂದಷ್ಟೇ ಅದರಲ್ಲಿತ್ತು.

ಪ್ರಾಚಾರ್ಯರು ಅದನ್ನು ಎರಡು ಸಲ ಓದಿ, ಮೇಜಿನ ಮೇಲಿಟ್ಟು, “ಯಾವ ಖೋಲಿ ಬೇಕ್ರಿ ನಿಮಗ? ಯಾವ ತಾರೀಖು? ಹತ್ತನೇತ್ತಾ ಹುಡುಗ್ರಿಗೆ ರಜಾದಾಗೂ ಮುಂಜಾನೆ ಕ್ಲಾಸ್ ಅದಾವು. ನಾಳೆ ಆಡಳಿತ ಮಂಡಳಿಯವರು ಕೇಳಿದ್ರ ನಾ ಏನ್ ಹೇಳ್ಲಿ?” ಎಂದರು. ಕೊನೆಯ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ಪತ್ರವನ್ನು ಓದುವವರು ಪ್ರಾಚಾರ್ಯರಾದರೂ ಅದನ್ನು ಹಿಡಿದುಕೊಂಡು ಅವರು ಕಾರ್ಯದರ್ಶಿಗಳ ಮುಂದೆ ಹೋಗಬೇಕು. ಅಲ್ಲಿ ನಮ್ಮ ಪರವಾಗಿ ಮಾತನಾಡುವುದು ಆ ಕಾಗದ ಒಂದೇ.

ಎರಡನೆಯ ಪತ್ರ ಬರೆಯುವ ಮೊದಲು ಶಾಲೆಯ ಸಿಪಾಯಿಯನ್ನು ಕರೆದುಕೊಂಡು ಒಂದು ಸುತ್ತು ಹಾಕಿದೆ. ನಮಗೆ ಬೇಕಾದದ್ದು ಹಿಂಬದಿಯ ಎಂಟನೇ ತರಗತಿಯ ಖೋಲಿ ಮತ್ತು ಅದರ ಮುಂದಿನ ಪಡಸಾಲೆ ಮಾತ್ರ ಎಂದು ಅಲ್ಲಿಯೇ ತೀರ್ಮಾನವಾಯಿತು. ಖೋಲಿಯಲ್ಲಿದ್ದದ್ದು ಒಂದೇ ಒಂದು 6 ಆಂಪಿಯರ್ ಸಾಕೆಟ್. ನಾವು ಬಾಡಿಗೆಗೆ ತರಬೇಕೆಂದಿದ್ದ ಎರಡು 1000 ವ್ಯಾಟ್ ದೀಪಗಳನ್ನು ಅದಕ್ಕೆ ಜೋಡಿಸಿದ್ದರೆ 8 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಎಳೆದು, ಹಳೆಯ ವೈರಿಂಗ್ ಕಾದು ಫ್ಯೂಸ್ ಹೋಗುವ ಸಾಧ್ಯತೆ ಇತ್ತು. ಆದ್ದರಿಂದ ಅವುಗಳ ಬದಲು 200 ವ್ಯಾಟ್‌ನ ಎರಡು ಎಲ್‌ಇಡಿ ದೀಪಗಳನ್ನು ಗೊತ್ತು ಮಾಡಿ, ಅದನ್ನೇ ಪತ್ರದಲ್ಲಿ ಬರೆದೆ. ಪತ್ರದ ಮುಖ್ಯ ಭಾಗ ಹೀಗಿತ್ತು:

“ವಿಷಯ: ದಸರಾ ರಜೆಯಲ್ಲಿ ಎರಡು ದಿನ ಕಿರುಚಿತ್ರದ ಚಿತ್ರೀಕರಣಕ್ಕೆ ಅನುಮತಿ ಕೋರಿ.

ಮಾನ್ಯರೇ, ಅಕ್ಟೋಬರ್ 14 ಮತ್ತು 15ರಂದು, ವಿಶೇಷ ತರಗತಿಗಳು ಮುಗಿದ ನಂತರ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಎಂಟನೇ ತರಗತಿಯ ಖೋಲಿ ಹಾಗೂ ಅದರ ಮುಂದಿನ ಪಡಸಾಲೆಯನ್ನು ಮಾತ್ರ ಬಳಸಲು ಅನುಮತಿ ಕೋರುತ್ತೇವೆ. ನಾವು ಒಟ್ಟು ಒಂಬತ್ತು ಜನರಿದ್ದು, ಹೆಸರು ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇವೆ. ವಿದ್ಯಾರ್ಥಿಗಳು ಚಿತ್ರದಲ್ಲಿ ಇರುವುದಿಲ್ಲ. ಶಾಲೆಯ ಹೆಸರಾಗಲಿ ಫಲಕವಾಗಲಿ ಕಾಣಿಸುವುದಿಲ್ಲ. 200 ವ್ಯಾಟ್‌ನ ಎರಡು ದೀಪಗಳಿಗಷ್ಟೇ ಶಾಲೆಯ ವಿದ್ಯುತ್ ಬಳಸಿ, ಅದರ ವೆಚ್ಚವನ್ನು ಭರಿಸುತ್ತೇವೆ. ಯಾವುದೇ ವಸ್ತುವಿಗೆ ಹಾನಿಯಾದರೆ ಅದನ್ನು ಸರಿಪಡಿಸಿಕೊಡುವ ಹೊಣೆ ಕೆಳಗೆ ಸಹಿ ಮಾಡಿದ ನನ್ನದು.”

ಇದರೊಂದಿಗೆ ಒಂದು ಪುಟದ ಕಥಾಸಾರವನ್ನೂ ಇಟ್ಟೆ. ಗುರುಗಳ ಪಾತ್ರ ಒಂದು ಕಡೆ ಸಿಟ್ಟಿನಿಂದ ಬೆತ್ತ ಮುರಿಯುತ್ತದೆ. ಅದನ್ನು ಮುಚ್ಚಿಡದೆ ಬರೆದೆ, ಏಕೆಂದರೆ ಕಥೆಯಲ್ಲಿ ಶಾಲೆಯವರಿಗೆ ಮುಜುಗರವಾಗಬಹುದಾದ ಜಾಗ ಅದೊಂದೇ ಆಗಿತ್ತು, ಚಿತ್ರ ನೋಡಿದ ಮೇಲೆ ಅವರಿಗೆ ತಿಳಿಯುವುದಕ್ಕಿಂತ ಸಹಿಗೆ ಮೊದಲೇ ತಿಳಿಯುವುದು ನ್ಯಾಯ. ಪ್ರಾಚಾರ್ಯರು ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಬೆತ್ತವನ್ನು ನಾವೇ ತರಬೇಕೆಂದು ಮಾತ್ರ ಹೇಳಿದರು.

ಎರಡು ಪ್ರತಿ ಒಯ್ದಿದ್ದೆ. ಒಂದನ್ನು ಆವಕ ವಹಿಯಲ್ಲಿ ದಾಖಲಿಸಿಕೊಂಡರು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡೆ. ಚಿತ್ರೀಕರಣಕ್ಕೆ ಇನ್ನೂ ಮೂರು ವಾರವಿದ್ದುದರಿಂದ ಮಂಡಳಿಯ ತಿಂಗಳ ಸಭೆಯಲ್ಲಿಯೇ ಠರಾವು ಆಗಿ, ಲಿಖಿತ ಅನುಮತಿ ಕೈಗೆ ಬಂತು. ತಡಮಾಡಿದ್ದರೆ ಮುಂದಿನ ಸಭೆಯವರೆಗೆ ಕಾಯಬೇಕಾಗಿತ್ತು, ಅಷ್ಟರೊಳಗೆ ರಜೆಯೇ ಮುಗಿದಿರುತ್ತಿತ್ತು.

ಇಷ್ಟಾದರೂ ಒಂದು ತಪ್ಪು ಉಳಿದಿತ್ತು. ನಮ್ಮ ಕೊನೆಯ ದೃಶ್ಯ ಮುಸ್ಸಂಜೆಯದು. ಪತ್ರದಲ್ಲಿ 6 ಗಂಟೆ ಎಂದು ಬರೆದಿದ್ದರಿಂದ, ಮೊದಲ ದಿನ ಪಡಸಾಲೆಯ ಮೇಲೆ ಕೆಂಪು ಬೆಳಕು ಬೀಳುವ ಹೊತ್ತಿಗೆ ಸರಿಯಾಗಿ ಕಾವಲುಗಾರರು ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಲ್ಲಿ ಬರೆದ ಕಾಗದವಿತ್ತು, ನಮ್ಮಲ್ಲಿ ವಿನಂತಿ ಮಾತ್ರವಿತ್ತು. ಆ ರಾತ್ರಿಯೇ ಪ್ರಾಚಾರ್ಯರ ಮನೆಗೆ ಹೋಗಿ, ಎರಡನೆಯ ದಿನಕ್ಕಷ್ಟೇ 7ರವರೆಗೆ ಸಮಯ ಕೇಳಿ ಎರಡು ಸಾಲಿನ ಪೂರಕ ಪತ್ರ ಕೊಟ್ಟೆ. ಅದೇ ಕಾಗದದ ಬದಿಯಲ್ಲಿ ಅವರು ಸಹಿ ಮಾಡಿಕೊಟ್ಟರು. ಅಂದಿನಿಂದ ಸಮಯ ಬರೆಯುವಾಗ ಸಾಮಾನು ಇಳಿಸುವುದಕ್ಕೆ ಮತ್ತು ಕಟ್ಟುವುದಕ್ಕೆ ಬೇಕಾಗುವ ಒಂದೊಂದು ಗಂಟೆಯನ್ನೂ ಸೇರಿಸಿಯೇ ಬರೆಯುತ್ತೇನೆ.

ಖೋಲಿಯ ಕಪ್ಪುಹಲಗೆಯ ಮೂಲೆಯಲ್ಲಿ ಯಾರೋ ಶಿಕ್ಷಕಿಯರು “ಅಳಿಸಬೇಡಿ” ಎಂದು ಬರೆದು ಬೀಜಗಣಿತದ ಒಂದು ಲೆಕ್ಕ ಬಿಟ್ಟಿದ್ದರು. ಬೆಂಚುಗಳನ್ನು ಸರಿಸುವ ಮೊದಲು ಅವುಗಳ ಕಾಲಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿ, ಹಲಗೆಯ ಫೋಟೊ ತೆಗೆದುಕೊಂಡಿದ್ದೆವು. ಕೀಲಿ ಒಪ್ಪಿಸುವಾಗ ಕಾವಲುಗಾರರು ಆ ಫೋಟೊವನ್ನೂ ಹಲಗೆಯನ್ನೂ ಒಂದೊಂದೇ ಸಾಲಾಗಿ ತಾಳೆ ನೋಡಿ, ಅನುಮತಿ ಪತ್ರದ ಹಿಂದೆ “ಖೋಲಿ ಸರಿಯಾಗಿದೆ” ಎಂದು ಬರೆದು ಸಹಿ ಹಾಕಿದರು.