ಮಲ್ಪೆಯ ಬೋಟುಗಳ ಎದುರು ಹಾರುವ ಕೂದಲು: ನಾನು ಕಟ್‌ಔಟ್ ಮಾಡುವ ರೀತಿ

ಉಡುಪಿಯಲ್ಲಿ ಕುಳಿತು ಮದುವೆ ಆಲ್ಬಮ್ ಡಿಸೈನ್ ಮಾಡುವುದು ನನ್ನ ಕೆಲಸ. ನಿಶ್ಚಿತಾರ್ಥ ಆದ ಜೋಡಿಗಳಿಗೆ ಮಲ್ಪೆ ಬಂದರಿನಲ್ಲಿ ಫೋಟೊ ತೆಗೆಸಿಕೊಳ್ಳುವ ಆಸೆ. ಅಲ್ಲಿಯ ಬಣ್ಣ ಚೆಂದ, ಗಾಳಿಯೂ ಜೋರು. ಆಮೇಲೆ ಅದೇ ಫೋಟೊದ ಹುಡುಗಿಯನ್ನು ಆಲ್ಬಮ್‌ನ ಮೊದಲ ಶೀಟಿಗೆ ತೆಳು ಕೆನೆ ಬಣ್ಣದ ಹಿನ್ನೆಲೆಯಲ್ಲಿ ಕೂರಿಸಬೇಕು ಅಂತಾರೆ. ಕೊಡುವಾಗ ಫೋಟೊಗ್ರಾಫರ್ ಹೇಳುವುದು ಒಂದೇ ಮಾತು: ‘ಕೂದಲು ಕತ್ತರಿ ಹಾಕಿದ ಹಾಗೆ ಕಾಣ್ಬಾರ್ದು ಮಾರಾಯ್ರೆ.’

ಕೂದಲು ಯಾಕೆ ಇಷ್ಟು ಕಾಡುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಸೊಂಟದಿಂದ ತಲೆಯವರೆಗೆ, ಸುಮಾರು ಒಂದು ಮೀಟರ್ ಜಾಗ ಬರುವಂತೆ ತೆಗೆದ ಫೋಟೊ 6000 ಪಿಕ್ಸೆಲ್ ಎತ್ತರ ಇದೆ ಎಂದಿಟ್ಟುಕೊಳ್ಳಿ. ಆಗ ಒಂದು ಮಿಲಿಮೀಟರಿಗೆ ಸಿಗುವುದು 6 ಪಿಕ್ಸೆಲ್. ಒಂದು ಕೂದಲಿನ ದಪ್ಪ 0.07 ಮಿಲಿಮೀಟರ್ ಆಸುಪಾಸು. ಅಂದರೆ ಅರ್ಧ ಪಿಕ್ಸೆಲ್ಲೂ ಅದಕ್ಕೆ ದಕ್ಕುವುದಿಲ್ಲ. ಆ ಪಿಕ್ಸೆಲ್‌ನಲ್ಲಿ ಕೂದಲಿನ ಕಪ್ಪೂ ಹಿಂದಿನ ಬೋಟಿನ ಬಣ್ಣವೂ ಬೆರೆತು ಒಂದೇ ಬಣ್ಣವಾಗಿ ಕೂತಿರುತ್ತದೆ. ಹಾಗಾಗಿ ಇಲ್ಲಿ ಎರಡು ಕೆಲಸ ಇವೆ. ಆ ಪಿಕ್ಸೆಲ್‌ನಲ್ಲಿ ಕೂದಲಿನ ಪಾಲು ಎಷ್ಟು ಎಂದು, ಬಿಳಿ ಇರುವಲ್ಲಿ ಚಿತ್ರ ತೋರಿಸಿ ಕಪ್ಪು ಇರುವಲ್ಲಿ ಮರೆಮಾಡುವ ಮಾಸ್ಕ್‌ನಲ್ಲಿ ಬೂದು ಛಾಯೆಯಾಗಿ ತೋರಿಸುವುದು ಒಂದು. ಬೆರೆತ ಬೋಟಿನ ಬಣ್ಣವನ್ನು ತೆಗೆದು ಕೂದಲಿನ ಬಣ್ಣ ಹಾಕುವುದು ಇನ್ನೊಂದು. ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ ಎರಡನೆಯದನ್ನು ಮಾಡದಿದ್ದರೆ ಕೆನೆ ಬಣ್ಣದ ಮೇಲೆ ಕೂದಲಿನ ಸುತ್ತ ಕೆಂಪು ನೂಲು ಕಾಣುತ್ತದೆ.

ಈಚೆಗೆ ಮಾಡಿದ ಒಂದು ಫೋಟೊವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹುಡುಗಿ ಜೆಟ್ಟಿಯ ಮೇಲೆ ನಿಂತಿದ್ದಾಳೆ, ಕೈಯಲ್ಲಿ ಮನೆಯ ಬಿಳಿ ಪಾಮೇರಿಯನ್ ನಾಯಿ. ಮುಡಿಯಲ್ಲಿ ಶಂಕರಪುರ ಮಲ್ಲಿಗೆ. ತಲೆಯ ಮೇಲ್ಭಾಗದ ಕೂದಲು ಮೋಡದ ಆಕಾಶದ ಎದುರಿಗಿದೆ, ಎಡಗಡೆಯದು ಕೆಂಪು ಬಣ್ಣ ಬಳಿದ ಬೋಟಿನ ಮೈ ಎದುರಿಗೆ, ಬಲಗಡೆ ಭುಜದ ಬಳಿ ಹಾರಿದ್ದು ಹಸಿರು ಬಲೆಯ ರಾಶಿಯ ಎದುರಿಗೆ. ಬೋಟಿನ ಬದಿಗೆ ಹಳೆಯ ಟೈರುಗಳು ನೇತಾಡುತ್ತಿವೆ.

ಇಂಥ ಫೋಟೊ ಕೈಗೆ ಬಂದಾಗ ಫೈಲ್ ಯಾವುದು ಎಂದು ಮೊದಲು ಕೇಳುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದದ್ದಾದರೆ ಕ್ಯಾಮೆರಾದ ರಾ ಫೈಲ್ ತರಿಸಿಕೊಳ್ಳುತ್ತೇನೆ. ವಾಟ್ಸಾಪ್‌ನಲ್ಲಿ ಸೈಜ್ ಕುಗ್ಗುವುದು ಒಂದು ತೊಂದರೆಯಾದರೆ, ಜೇಪೆಗ್ ಮಾಡುವಾಗ ಬೆಳಕಿನ ವಿವರ ಉಳಿಸಿಕೊಂಡು ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುವುದು ಅದಕ್ಕಿಂತ ದೊಡ್ಡದು. ನನ್ನ ಇಡೀ ವಿಧಾನ ನಿಂತಿರುವುದು ಬಣ್ಣದ ವ್ಯತ್ಯಾಸದ ಮೇಲೆ. ಆ ವ್ಯತ್ಯಾಸವೇ ಚೌಕ ಚೌಕವಾಗಿ ಒಡೆದು ಹೋಗಿದ್ದರೆ ಎಳೆ ಸಿಗುವುದಿಲ್ಲ.

ಫೋಟೊಶಾಪ್‌ನ Channels ಪ್ಯಾನೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಚಾನೆಲ್‌ಗಳನ್ನು ಒಂದೊಂದಾಗಿ ನೋಡುತ್ತೇನೆ. ಪ್ರತಿ ಚಾನೆಲ್ ಆ ಬಣ್ಣದ ಬೆಳಕು ಎಲ್ಲಿ ಎಷ್ಟಿದೆ ಎಂದು ತೋರಿಸುವ ಕಪ್ಪು ಬಿಳುಪು ಚಿತ್ರ; 0 ಅಂದರೆ ಕಪ್ಪು, 255 ಅಂದರೆ ಬಿಳಿ. ಕೂದಲಿಗೂ ಹಿಂದಿನದಕ್ಕೂ ಹೆಚ್ಚು ಅಂತರ ಇರುವ ಚಾನೆಲ್ ಆರಿಸು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಗಜಿಬಿಜಿ ಹಿನ್ನೆಲೆಯಲ್ಲಿ ಅಂಥ ಒಂದೇ ಚಾನೆಲ್ ಇರುವುದಿಲ್ಲ. F8 ಒತ್ತಿ Info ಪ್ಯಾನೆಲ್ ತೆರೆದು ಮೌಸ್ ಓಡಿಸಿದರೆ ಇದು ಅಂಕಿಗಳಲ್ಲೇ ಕಾಣುತ್ತದೆ. ಈ ಫೋಟೊದಲ್ಲಿ ಕೂದಲು ಮೂರೂ ಚಾನೆಲ್‌ಗಳಲ್ಲಿ 25ರಿಂದ 35ರ ಒಳಗಿತ್ತು. ಬೋಟಿನ ಕೆಂಪು ಬಣ್ಣ ಕೆಂಪು ಚಾನೆಲ್‌ನಲ್ಲಿ 165, ನೀಲಿಯಲ್ಲಿ ಬರೀ 35. ಅಂದರೆ ನೀಲಿ ಚಾನೆಲ್‌ನಲ್ಲಿ ಬೋಟೂ ಕೂದಲೂ ಒಂದೇ ಕಪ್ಪು. ಬಲೆಯ ರಾಶಿ ಹಸಿರು ಚಾನೆಲ್‌ನಲ್ಲಿ 110, ಕೆಂಪಿನಲ್ಲಿ 60. ಮೋಡದ ಆಕಾಶ ಮೂರರಲ್ಲೂ ಬೆಳ್ಳಗಿದ್ದು, ನೀಲಿಯಲ್ಲಿ ತುಸು ಜಾಸ್ತಿ.

ಹಾಗಾಗಿ ತಲೆಯನ್ನು ಮೂರು ವಲಯ ಮಾಡುತ್ತೇನೆ: ಆಕಾಶದ ಕಡೆಗೆ ನೀಲಿ ಚಾನೆಲ್, ಬೋಟಿನ ಕಡೆಗೆ ಕೆಂಪು, ಬಲೆಯ ಕಡೆಗೆ ಹಸಿರು. ಹಿಂದೆ ಯಾವ ಬಣ್ಣ ಇದೆಯೋ ಆ ಬಣ್ಣದ ಚಾನೆಲ್‌ನಲ್ಲಿ ಹಿನ್ನೆಲೆ ಬೆಳಗುತ್ತದೆ, ಕಪ್ಪು ಕೂದಲು ಕಪ್ಪಾಗಿಯೇ ಉಳಿಯುತ್ತದೆ. ನೀಲಿ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕಾಳು ಕಾಳಾಗಿ ಕಾಣುವ ನಾಯ್ಸ್ ಹೆಚ್ಚು. ಆದ್ದರಿಂದ ಆಕಾಶದ ಕಡೆ ಅಂತರ ಹೆಚ್ಚು ಕಡಿಮೆ ಒಂದೇ ಇದ್ದರೆ ಹಸಿರನ್ನೇ ತೆಗೆದುಕೊಳ್ಳುತ್ತೇನೆ.

ಬೋಟಿನ ಕಡೆಯ ಕೆಲಸವನ್ನು ವಿವರವಾಗಿ ಹೇಳುತ್ತೇನೆ, ಉಳಿದವೂ ಹೀಗೆಯೇ. ಕೆಂಪು ಚಾನೆಲ್‌ನ ನಕಲು ಮಾಡಿ Ctrl+L ಒತ್ತಿ Levels ತೆರೆದು, ಎಡಗಡೆಯ ಕಪ್ಪು ಗುಂಡಿಯನ್ನು 45ಕ್ಕೆ, ಬಲಗಡೆಯ ಬಿಳಿ ಗುಂಡಿಯನ್ನು 155ಕ್ಕೆ ತಂದೆ. ಬೋಟಿನ ಮೈ ಬೆಳ್ಳಗಾಯಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಬೋಟಿನ ಹೆಸರು ಮೊದಲೇ ಬಿಳಿ, ಅದೂ ಕರಗಿ ಹೋಯಿತು. ಈ ಹಂತದಲ್ಲಿ ಕಣ್ಣು ಇಡಬೇಕಾದದ್ದು ತುದಿಯ ಎಳೆಗಳ ಮೇಲೆ. ಬಿಳಿ ಗುಂಡಿಯನ್ನು ಇನ್ನೂ ಎಳೆದರೆ ಹಿನ್ನೆಲೆ ಪೂರ್ತಿ ಸ್ವಚ್ಛವಾಗುತ್ತದೆ ನಿಜ, ಆದರೆ ಎಳೆ ಚುಕ್ಕಿ ಚುಕ್ಕಿಯಾಗಿ ತುಂಡಾಗತೊಡಗುತ್ತದೆ. ತುಂಡಾಗುವ ಮೊದಲೇ ನಿಲ್ಲಿಸುತ್ತೇನೆ. ಹಿನ್ನೆಲೆಯಲ್ಲಿ ಉಳಿದ ಬೂದು ಕಲೆಯನ್ನು ಆಮೇಲೆ ತೆಗೆಯಬಹುದು. ಹೋದ ಎಳೆ ವಾಪಸ್ ಬರುವುದಿಲ್ಲ.

ಆಮೇಲೆ Ctrl+I ಒತ್ತಿ ತಿರುಗಿಸಿದರೆ ಕೂದಲು ಬಿಳಿ, ಹಿನ್ನೆಲೆ ಕಪ್ಪು. ಉಳಿದ ಕಲೆಗಳಿಗೆ Burn ಟೂಲ್: Range ಎಂಬಲ್ಲಿ Shadows, Exposure 10ರಿಂದ 15. ಇದು ಕಪ್ಪಿನ ಕಡೆ ವಾಲಿದ ಬೂದನ್ನು ಮಾತ್ರ ಕಪ್ಪಾಗಿಸುತ್ತದೆ, ಬೆಳ್ಳಗಿನ ಎಳೆಯನ್ನು ಹೆಚ್ಚು ಮುಟ್ಟುವುದಿಲ್ಲ. ಕೂದಲಿನ ಒಳಗಿನ ಹೊಳಪು ಬೂದಾಗಿದ್ದರೆ Dodge ಟೂಲ್ ತೆಗೆದುಕೊಂಡು Highlights ಇಟ್ಟು ಬೆಳ್ಳಗೆ ಮಾಡುತ್ತೇನೆ. ತುದಿಯ ಎಳೆಗಳು ಬೂದಾಗಿಯೇ ಇರಬೇಕು. ಅವನ್ನು ಅಪ್ಪಟ ಬಿಳಿ ಮಾಡಿದರೆ ಹೊಸ ಹಿನ್ನೆಲೆಯಲ್ಲಿ ಕೂದಲು ತಂತಿಯಂತೆ ದಪ್ಪಗಾಗುತ್ತದೆ.

ಮಲ್ಲಿಗೆಗೆ ಬೇರೆಯೇ ಲೆಕ್ಕ. ತಿರುಗಿಸಿದ ಚಾನೆಲ್‌ನಲ್ಲಿ ಬಿಳಿ ಹೂವು ಕಪ್ಪು ತೂತುಗಳಾಗಿ ಕಾಣುತ್ತದೆ. ಮುಡಿಯ ಒಳಗಿರುವುದನ್ನು ಬಿಳಿ ಬ್ರಷ್‌ನಿಂದ ತುಂಬಿಬಿಡುತ್ತೇನೆ. ಆಕಾಶದ ಎದುರು ಹೊರಗೆ ಇಣುಕುವ ಮೊಗ್ಗುಗಳಿಗೆ ಚಾನೆಲ್ ಕೆಲಸಕ್ಕೆ ಬಾರದು, ಬಿಳಿಯ ಎದುರು ಬಿಳಿ. ಅಲ್ಲಿ Pen ಟೂಲ್‌ನಿಂದ ಒಂದೊಂದೇ ಮೊಗ್ಗಿನ ಸುತ್ತ ಪಾತ್ ಎಳೆಯುತ್ತೇನೆ. ಭುಜ, ಕೈ, ಬಟ್ಟೆಗೂ ಪೆನ್ ಟೂಲೇ.

ವಲಯಗಳನ್ನು ಜೋಡಿಸುವಾಗ ಒಂದು ಜಾಗ್ರತೆ ಬೇಕು. ಪ್ರತಿ ನಕಲು ಚಾನೆಲ್‌ನಲ್ಲೂ ಅದರದೇ ವಲಯದ ಸುತ್ತ ಅಂಚು ಮೆಲ್ಲಗೆ ಕರಗುವಂತೆ 15 ಪಿಕ್ಸೆಲ್ ಫೆದರ್ ಕೊಟ್ಟು ಲ್ಯಾಸೊ ಹಾಕಿ, ಹೊರಗಿನದಕ್ಕೆ ಕಪ್ಪು ತುಂಬುತ್ತೇನೆ. ಲ್ಯಾಸೊ ಪಕ್ಕದ ವಲಯದೊಳಗೆ ಸ್ವಲ್ಪ ಹೋಗಿರಬೇಕು. ಇಲ್ಲದಿದ್ದರೆ ಎರಡೂ ಕಡೆಯ ಫೆದರ್ ಸೇರುವಲ್ಲಿ ಕೂದಲು ಮಸುಕಾಗಿ ಒಂದು ಪಟ್ಟೆ ಬೀಳುತ್ತದೆ. ನಂತರ ಮೊದಲ ಚಾನೆಲ್‌ನ ಚಿತ್ರದ ಮೇಲೆ Ctrl ಒತ್ತಿ ಕ್ಲಿಕ್, ಉಳಿದವುಗಳ ಮೇಲೂ ಪೆನ್ ಟೂಲ್‌ನ ಪಾತ್‌ಗಳ ಮೇಲೂ Ctrl+Shift ಒತ್ತಿ ಕ್ಲಿಕ್ ಮಾಡಿದರೆ ಎಲ್ಲವೂ ಒಂದೇ ಸೆಲೆಕ್ಷನ್ ಆಗುತ್ತದೆ. ಅದನ್ನು ಲೇಯರ್ ಮಾಸ್ಕ್ ಮಾಡಿ, Alt ಒತ್ತಿ ಮಾಸ್ಕ್ ಮೇಲೆ ಕ್ಲಿಕ್ಕಿಸಿದರೆ ಮಾಸ್ಕ್ ಮಾತ್ರ ತೆರೆಯುತ್ತದೆ. ಪಟ್ಟೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಟೈರ್ ಎದುರಿಗಿನ ಕೂದಲು ಮಾತ್ರ ಯಾವ ಚಾನೆಲ್‌ನಲ್ಲೂ ಸಿಗಲಿಲ್ಲ. ಕಪ್ಪು ರಬ್ಬರಿನ ಎದುರು ಕಪ್ಪು ಕೂದಲು. ಫೋಟೊದಲ್ಲೇ ಇಲ್ಲದ ಮಾಹಿತಿಯನ್ನು ಯಾವ ಟೂಲೂ ತೆಗೆದುಕೊಡಲಾರದು. ಅಲ್ಲಿ ಕೂದಲನ್ನು ಒಳಗಡೆಗೇ ಮೃದುವಾಗಿ ಮುಗಿಸಿ, ಹೊಸ ಲೇಯರ್‌ನಲ್ಲಿ ಟ್ಯಾಬ್ಲೆಟ್ ಪೆನ್ನಿನಿಂದ ಎಳೆ ಬರೆದೆ. ಬ್ರಷ್ 2ರಿಂದ 3 ಪಿಕ್ಸೆಲ್, ಪೆನ್ ಒತ್ತಿದಷ್ಟು ದಪ್ಪವಾಗುವಂತೆ. ಬುಡದಿಂದ ತುದಿಗೆ, ಪಕ್ಕದ ನಿಜ ಕೂದಲು ಬಾಗಿದ ಕಡೆಗೇ ಒಂದೇ ಎಳೆತದಲ್ಲಿ ಎಳೆಯಬೇಕು. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದ ಫೋಟೊಗಳಲ್ಲೂ ಹೀಗೆಯೇ ಕೈಯಿಂದ ಬರೆಯಬೇಕಾಗುತ್ತದೆ. ಅಲ್ಲಿ ಒಂದೇ ಎಳೆ ಅರ್ಧ ದೂರ ಹಿನ್ನೆಲೆಗಿಂತ ಕಪ್ಪು, ಇನ್ನರ್ಧ ಹಿನ್ನೆಲೆಗಿಂತ ಬೆಳ್ಳಗೆ ಇರುತ್ತದೆ, ನಡುವೆ ಚಾನೆಲ್‌ನಲ್ಲಿ ಮಾಯವಾಗುತ್ತದೆ.

ಈಗ ಎರಡನೆಯ ಕೆಲಸ, ಬಣ್ಣ. ಹುಡುಗಿಯ ಲೇಯರ್ ಮೇಲೆ ಹೊಸ ಲೇಯರ್ ಇಟ್ಟು ಬಳಿದದ್ದು ಕೆಳಗಿನ ಲೇಯರ್‌ನ ಆಕಾರದೊಳಗೇ ಉಳಿಯುವಂತೆ Ctrl+Alt+G ಒತ್ತಿ ಕ್ಲಿಪ್ ಮಾಡುತ್ತೇನೆ. ಬ್ರಷ್ ಹಿಡಿದು Alt ಒತ್ತಿ ಹತ್ತಿರದ ದಟ್ಟ ಕೂದಲಿನ ಬಣ್ಣ ತೆಗೆದು, ತುದಿಯ ಎಳೆಗಳ ಮೇಲೆ ಬಳಿಯುತ್ತೇನೆ. ಬೋಟಿನ ಕಡೆ ಎಳೆಗಳಿಗೆ ಲೇಯರ್ ಮೋಡ್ Color ಇಟ್ಟರೆ ಸಾಕಾಯಿತು. ಅಲ್ಲಿ ಕೆಟ್ಟದ್ದು ಮುಖ್ಯವಾಗಿ ಬಣ್ಣ. ಆಕಾಶದ ಕಡೆ Color ಏನೂ ಮಾಡುವುದಿಲ್ಲ, ಯಾಕೆಂದರೆ ಅಲ್ಲಿ ಬೆರೆತಿರುವುದು ಬೆಳಕು. ಎಳೆ ಬೂದಿಯ ಬಣ್ಣದ್ದಾಗಿಯೇ ಉಳಿಯುತ್ತದೆ. ಆ ಭಾಗಕ್ಕೆ ಇನ್ನೊಂದು ಲೇಯರ್, Normal ಮೋಡ್‌ನಲ್ಲಿ. ಎಳೆಯ ಆಕಾರವನ್ನು ಮಾಸ್ಕ್ ಹಿಡಿದಿಟ್ಟುಕೊಂಡಿರುವುದರಿಂದ ಬಣ್ಣ ಹೊರಗೆ ಚೆಲ್ಲುವುದಿಲ್ಲ. ಒಳಗಿನ ಕೂದಲಿನ ಹೊಳಪಿನ ಮೇಲೆ ಮಾತ್ರ ಹೋಗಬಾರದು, ಹೋದರೆ ಅಲ್ಲಿ ಡಾಂಬರು ಬಳಿದಂತಾಗುತ್ತದೆ. ಶುದ್ಧ ಕಪ್ಪನ್ನು ಎಂದೂ ಬಳಿಯುವುದಿಲ್ಲ. ನಮ್ಮವರ ಕೂದಲು ಬೆಳಕಿನಲ್ಲಿ ಕಡು ಕಂದು.

ನಾಯಿಯ ರೋಮಕ್ಕೆ ಇಷ್ಟು ಪಾಡು ಬೇಡ. ಪಾಮೇರಿಯನ್ ರೋಮ ಒತ್ತಾಗಿ ಬೆಳೆದಿರುತ್ತದೆ, ಅಂಚು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ತರಹ. ಸ್ಥೂಲವಾಗಿ ಸೆಲೆಕ್ಟ್ ಮಾಡಿ Select and Mask ಒಳಗೆ ಹೋಗಿ Refine Edge Brush ಅನ್ನು ಅಂಚಿನ ಮೇಲೆ ಓಡಿಸಿದರೆ ಬಹುಪಾಲು ಬಂದುಬಿಡುತ್ತದೆ. Shift Edge ಅನ್ನು ಒಳಗಡೆಗೆ ತುಂಬಾ ಎಳೆಯಬೇಡಿ, ರೋಮದ ಮೊನೆಗಳೆಲ್ಲ ಹೋಗಿ ನಾಯಿ ಬೋಳಾಗಿ ಕಾಣುತ್ತದೆ. ಬಲೆಯ ಎದುರಿಗಿದ್ದ ಬಾಲದ ಭಾಗ ಸರಿ ಬರಲಿಲ್ಲ ಎಂದು ಅಲ್ಲಿಗೆ ಮಾತ್ರ ಚಾನೆಲ್ ಬಳಸಿದೆ. ಬಿಳಿ ರೋಮಕ್ಕೆ ಲೆಕ್ಕ ತಿರುಗುಮುರುಗು: ಹಿನ್ನೆಲೆ ಕತ್ತಲಾಗಿರುವ ಚಾನೆಲ್ ಬೇಕು. ಹಸಿರು ಬಲೆ ಅತಿ ಕಪ್ಪಾಗಿ ಕಾಣುವುದು ಕೆಂಪು ಚಾನೆಲ್‌ನಲ್ಲಿ. ರೋಮ ಅಲ್ಲಿ 225, ಬಲೆ 60. ರೋಮ ಮೊದಲೇ ಬಿಳಿ ಆಗಿರುವುದರಿಂದ Ctrl+I ಕೂಡ ಬೇಕಿಲ್ಲ. ಬಣ್ಣಕ್ಕೆ ಇಲ್ಲಿ Decontaminate Colors ಚೆನ್ನಾಗಿ ಕೆಲಸ ಮಾಡುತ್ತದೆ, ಒಳಗಿನ ರೋಮವೂ ಅಂಚಿನ ರೋಮವೂ ಒಂದೇ ಬಣ್ಣ ತಾನೇ. ಅದು ಪಿಕ್ಸೆಲ್‌ಗಳನ್ನೇ ಬದಲಾಯಿಸುವುದರಿಂದ ಔಟ್‌ಪುಟ್ ಹೊಸ ಲೇಯರ್‌ಗೆ ಹೋಗುತ್ತದೆ. ಮೂಲ ಲೇಯರ್ ಕೆಳಗೆ ಹಾಗೇ ಉಳಿಸಿಕೊಂಡಿರುತ್ತೇನೆ.

ಕೊನೆಗೆ ಹುಡುಗಿಯ ಹಿಂದೆ ಬಿಳಿ, ಕಪ್ಪು, ಕಡು ಕೆಂಪು ಬಣ್ಣ ತುಂಬಿದ ಲೇಯರ್‌ಗಳನ್ನು ಒಂದಾದ ಮೇಲೊಂದು ಹಾಕಿ 100 ಶೇಕಡಾ ಝೂಮ್‌ನಲ್ಲಿ ನೋಡುತ್ತೇನೆ. ಆಕಾಶದ ಬೆಳಕು ಎಳೆಯಲ್ಲಿ ಉಳಿದಿದ್ದರೆ ಕಪ್ಪಿನ ಮೇಲೆ ಕಾಣುತ್ತದೆ, ಬೋಟಿನ ಕೆಂಪು ಉಳಿದಿದ್ದರೆ ಬಿಳಿಯ ಮೇಲೆ, ಬಲೆಯ ಹಸಿರು ಕೆಂಪಿನ ಮೇಲೆ. 400ಕ್ಕೆ ಹಿಗ್ಗಿಸಿ ಒಂದೊಂದು ಎಳೆಗೆ ಹೊತ್ತು ಕಳೆಯುವುದರಲ್ಲಿ ಅರ್ಥ ಇಲ್ಲ. 12x36 ಇಂಚಿನ ಶೀಟಿನ ಪ್ರಿಂಟ್‌ನಲ್ಲಿ ಅಷ್ಟು ವಿವರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ತಲೆಯ ಒಟ್ಟು ಹೊರರೇಖೆ. ಅದಕ್ಕೇ, ಗುಂಪಿನಿಂದ ತೀರಾ ದೂರ ಒಂಟಿಯಾಗಿ ಹಾರಿ ಮುಖದ ಮೇಲೆ ಅಡ್ಡ ಬಂದ ಎಳೆಗಳನ್ನು ಅಳಿಸಿ, ಹೊರಗಡೆಗೆ ಹಾರಿದವನ್ನು ಮಾತ್ರ ಉಳಿಸಿ ಫೈಲ್ ಕಳಿಸಿದೆ.