ಅರ್ಜಿ ಪ್ರಾದೇಶಿಕ ಆಯುಕ್ತರಿಗೆ ಕೊಡಬೇಕಾ, ಬೇಡವಾ? ನೋಡಿಕೊಳ್ಳುವುದು ಹೀಗೆ

ಡಿಸಿ ಆದೇಶ ನಮ್ಮ ವಿರುದ್ಧ ಬಂದರೆ ಸಾಕು, 'ಅವರ ಮೇಲಿನವರು ಇದ್ದಾರಲ್ಲ' ಅಂತ ಫೈಲು ಹಿಡಿದು ಪ್ರಾದೇಶಿಕ ಆಯುಕ್ತರ ಕಚೇರಿಗೆ ಹೊರಡುವವರು ಜಾಸ್ತಿ. ಮೇಲಿನವರು ಹೌದು. ಆದರೆ ಎಲ್ಲದಕ್ಕೂ ಅಲ್ಲ.

ಮೊದಲು ನಿಮ್ಮ ವಿಭಾಗ ಯಾವುದು ನೋಡಿ. ರಾಜ್ಯದಲ್ಲಿ ನಾಲ್ಕು ಕಂದಾಯ ವಿಭಾಗಗಳಿವೆ, ಒಂದೊಂದಕ್ಕೂ ಒಬ್ಬ ಪ್ರಾದೇಶಿಕ ಆಯುಕ್ತರು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ನಕ್ಷೆ ನೋಡಿ ಅಂದಾಜು ಮಾಡಬೇಡಿ. ಶಿವಮೊಗ್ಗ ಬೆಂಗಳೂರು ವಿಭಾಗದಲ್ಲಿದೆ, ಉಡುಪಿ ಮೈಸೂರಿನಲ್ಲಿ, ಕಾರವಾರ ಬೆಳಗಾವಿಯಲ್ಲಿ. ಎಸಿ, ಅಂದರೆ ಉಪವಿಭಾಗಾಧಿಕಾರಿ, ಅವರ ಕಚೇರಿಯ ಬೋರ್ಡಿನಲ್ಲಿ 'ಉಪವಿಭಾಗ' ಅಂತ ಇರುತ್ತದೆ, ಅದು ಡಿಸಿಗಿಂತ ಕೆಳಗಿನದು, ಅದನ್ನೂ ಇದನ್ನೂ ಬೆರೆಸಬೇಡಿ. ಕಲಬುರಗಿ ಕಡೆಯವರು 371(ಜೆ) ಪ್ರಮಾಣಪತ್ರಕ್ಕೆ ವಿಭಾಗದ ಕಚೇರಿಗೆ ಹೋಗಬೇಕಾಗಿಲ್ಲ, ಅದು ಸಿಗುವುದು ಎಸಿ ಕಚೇರಿಯಲ್ಲೇ.

ಇನ್ನು ಎಲ್ಲರೂ ಎಡವುವ ಹಂತಕ್ಕೆ ಬರೋಣ. ನಿಮ್ಮ ತಕರಾರು ಆದೇಶದ ಮೇಲಾ, ಕೆಲಸ ಆಗದಿರುವುದರ ಮೇಲಾ? ಇದನ್ನು ತೀರ್ಮಾನಿಸದೆ ಒಂದು ಸಾಲನ್ನೂ ಬರೆಸಬೇಡಿ.

ಸಾಗರದ ಒಂದು ಮನೆ ಅಂದುಕೊಳ್ಳಿ. ಅಪ್ಪ ತೀರಿಕೊಂಡಿದ್ದಾರೆ, ಪೌತಿ ಖಾತೆಗೆ ಅಣ್ಣ ಅರ್ಜಿ ಹಾಕಿದ್ದಾನೆ, ತಮ್ಮ ತಕರಾರು ಎತ್ತಿದ್ದಾನೆ. ತಹಶೀಲ್ದಾರರು ವಿಚಾರಣೆ ಮಾಡಿ ಅಣ್ಣನ ಪರ ಆದೇಶ ಮಾಡಿದರು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 136(2)ರ ಪ್ರಕಾರ ತಮ್ಮನಾದವನು ಸಾಗರದ ಎಸಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಸೋತರೆ 136(3)ರಲ್ಲಿ ಶಿವಮೊಗ್ಗದ ಡಿಸಿ ಮುಂದೆ ಹೋಗಬಹುದು. ಡಿಸಿಯೂ ವಿರುದ್ಧ ಆದೇಶ ಮಾಡಿದರೆ? ಬೆಂಗಳೂರಿನ ಪ್ರಾದೇಶಿಕ ಆಯುಕ್ತರು ಅಂತೀರಿ ಅಲ್ವಾ? ಆ ಕಲಮಿನಲ್ಲಿ ಅವರ ಪಾತ್ರವೇ ಇಲ್ಲ. ಅಲ್ಲಿಂದ ದಾರಿ ಹೈಕೋರ್ಟಿನ ರಿಟ್ ಅರ್ಜಿಗೆ ಹೋಗುತ್ತದೆ, ಜಮೀನು ಯಾರದ್ದು ಅನ್ನುವ ಮೂಲ ಜಗಳವಾದರೆ ಸಿವಿಲ್ ಕೋರ್ಟಿಗೆ. ತಮ್ಮನಾದವನು ಪ್ರಾದೇಶಿಕ ಆಯುಕ್ತರ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಾದರೆ, ಹೈಕೋರ್ಟಿನಲ್ಲಿ ಇಷ್ಟು ತಡ ಯಾಕಾಯಿತು ಅಂತ ಅವನೇ ವಿವರಣೆ ಕೊಡಬೇಕಾಗುತ್ತದೆ.

ಆದ್ದರಿಂದ ಆದೇಶದ ದೃಢೀಕೃತ ನಕಲು ತೆಗೆಸಿ, ಜೆರಾಕ್ಸ್ ನಂಬಿ ಕೂರಬೇಡಿ. ಯಾವ ಕಾಯ್ದೆ, ಯಾವ ಕಲಂ ಅನ್ನುವುದು ಆದೇಶದಲ್ಲೇ ಇರುತ್ತದೆ. ಮುಂದಿನ ಬಾಗಿಲು ಯಾವುದು ಅಂತ ಹೇಳುವುದು ಆ ಕಲಂ, ಸಹಿ ಹಾಕಿದವರ ಹುದ್ದೆಯೊಂದೇ ಅಲ್ಲ. ಬೇರೆ ರಾಜ್ಯದ ನೆಂಟರ ಸಲಹೆಯನ್ನೂ ಇಲ್ಲಿ ತರಬೇಡಿ. ಮಹಾರಾಷ್ಟ್ರದಲ್ಲಿ ಕಲೆಕ್ಟರ್ ಆದೇಶದ ಮೇಲೆ ವಿಭಾಗೀಯ ಆಯುಕ್ತರು ಮೇಲ್ಮನವಿ ಕೇಳುತ್ತಾರೆ, ಹಾಗಾಗಿ ಸೊಲ್ಲಾಪುರದ ಮಾವ ಹೇಳಿದ್ದು ಅಲ್ಲಿಗೆ ಸರಿ. ತಮಿಳುನಾಡಿನಲ್ಲಿ ಈ ಹುದ್ದೆಯೇ ಇಲ್ಲ.

ಈಗ ಎರಡನೆಯ ಬಗೆ. ಡಿಸಿ ಕಚೇರಿಯಲ್ಲಿ ಫೈಲು ಮಲಗಿದೆ, ಆದೇಶವೇ ಆಗುತ್ತಿಲ್ಲ. ಇದಕ್ಕೆ ಪ್ರಾದೇಶಿಕ ಆಯುಕ್ತರ ಹತ್ತಿರ ಹೋಗಬಹುದು. ಜಿಲ್ಲೆಗಳ ಕಂದಾಯ ಆಡಳಿತದ ಮೇಲೆ ಕಣ್ಣಿಡುವುದು ಅವರ ಕೆಲಸ. ಅವರು ವರದಿ ಕೇಳಬಹುದು, ಬೇಗ ಮುಗಿಸಿ ಅನ್ನಬಹುದು. ಹೀಗೇ ತೀರ್ಪು ಕೊಡಿ ಅಂತ ಡಿಸಿಗೆ ಹೇಳುವುದಿಲ್ಲ, ಹೇಳಬಾರದು ಕೂಡ.

ಅರ್ಜಿ ಒಂದೇ ಪುಟ ಇರಲಿ. ಡಿಸಿ ಕಚೇರಿಯ ಫೈಲ್ ನಂಬರ್, ಅರ್ಜಿ ಕೊಟ್ಟ ದಿನಾಂಕ, ಈಗ ಯಾವ ಹಂತದಲ್ಲಿ ನಿಂತಿದೆ, ಇಷ್ಟು ಸಾಕು. ಕುಟುಂಬದ ಪೂರ್ತಿ ಕಥೆ ಬೇಡ. ಕಚೇರಿ ಎದುರು ಟೈಪ್ ಮಾಡುವವರು ಮುಖ್ಯಮಂತ್ರಿ, ರಾಜ್ಯಪಾಲರು, ಲೋಕಾಯುಕ್ತರು ಅಂತ ಕೆಳಗೆ ಉದ್ದಕ್ಕೆ 'ಪ್ರತಿ' ಹಾಕಿಕೊಡುತ್ತಾರೆ. ಖಡಾಖಂಡಿತ ಬೇಡ ಅನ್ನಿ. ಹತ್ತು ಕಡೆ ಹೋದ ಅರ್ಜಿ ಕೊನೆಗೆ 'ಮುಂದಿನ ಕ್ರಮಕ್ಕಾಗಿ' ಅಂತ ಅದೇ ಡಿಸಿ ಕಚೇರಿಗೆ ಹತ್ತು ಸಲ ವಾಪಸ್ ಬರುತ್ತದೆ, ಅಷ್ಟೇ. ಡಿಸಿಗೆ ಮಾತ್ರ ಒಂದು ಪ್ರತಿ ಕೊಡಿ. ಸಣ್ಣಪುಟ್ಟ ವಿಳಂಬಕ್ಕೆ ನನ್ನನ್ನು ಕೇಳಿದರೆ ಮೊದಲು 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸುವುದೇ ವಾಸಿ, ಬಸ್ ಚಾರ್ಜಾದರೂ ಉಳಿಯುತ್ತದೆ.

ಇನ್ನೊಂದು ಮಾತು, ಹೋಗುವ ದಿನದ ಬಗ್ಗೆ. ಮಹಾನಗರ ಪಾಲಿಕೆಯ ಮೇಯರ್ ಚುನಾವಣೆ ನಡೆಸುವುದು ಪ್ರಾದೇಶಿಕ ಆಯುಕ್ತರೇ, ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಚುನಾವಣಾಧಿಕಾರಿಯೂ ಇವರೇ. ಅಂಥ ಹೊತ್ತಿನಲ್ಲಿ ಸುಮ್ನೆ ಹೋಗಿ ಬೆಂಚಿನ ಮೇಲೆ ಕೂರಬೇಡಿ. ಹೊರಡುವ ಮುಂಚೆ ಕಚೇರಿಗೆ ಫೋನ್ ಮಾಡಿ, ಸಾಹೇಬರು ಇದ್ದಾರಾ ಅಂತ ಕೇಳಿಕೊಳ್ಳಿ.