ಹಳೆ ಚಿನ್ನ ಮಾರುವ ಮುನ್ನ: ತಕ್ಕಡಿ, ಒರೆ, ಲೆಕ್ಕ

‘ಹಳೆ ಚಿನ್ನಕ್ಕೆ ಸ್ಥಳದಲ್ಲೇ ನಗದು’ ಎಂದು ಆಟೋಗಳ ಹಿಂದೆಯೂ ಬರೆಸುವ ಅಂಗಡಿಗಳಲ್ಲಿ ಕೈಚಳಕ ನಡೆಯುವುದು ದರದಲ್ಲಲ್ಲ. ದಿನದ ದರ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಮೋಸ ಮಾಡುವವರು ಕೈ ಹಾಕುವುದು ತೂಕದಲ್ಲಿ ಮತ್ತು ‘ಟಚ್’ನಲ್ಲಿ, ಅಂದರೆ ನೂರರಲ್ಲಿ ಎಷ್ಟು ಭಾಗ ಅಪ್ಪಟ ಚಿನ್ನ ಎಂಬ ಅಂಕಿಯಲ್ಲಿ. ಎರಡರಲ್ಲೂ ಸ್ವಲ್ಪ ಸ್ವಲ್ಪವೇ ಕಚ್ಚುವುದರಿಂದ ಮಾರಿದವರಿಗೆ ಗೊತ್ತೇ ಆಗುವುದಿಲ್ಲ.

ಒಂದು ಸರ ತೆಗೆದುಕೊಳ್ಳೋಣ. ತೂಕ 24 ಗ್ರಾಂ, 22 ಕ್ಯಾರೆಟ್, ಅಂದರೆ ಟಚ್ 91.6. ಲೆಕ್ಕ ಸುಲಭವಾಗಲೆಂದು ಅಪ್ಪಟ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಸರದಲ್ಲಿರುವ ಅಪ್ಪಟ ಚಿನ್ನ 21.984 ಗ್ರಾಂ, ಬೆಲೆ 2,19,840 ರೂಪಾಯಿ. ಈಗ ತಕ್ಕಡಿ ನೂರಕ್ಕೆ ಮೂರು ಕಡಿಮೆ ತೋರಿಸಿತು: 23.28 ಗ್ರಾಂ. ಯಂತ್ರ ಟಚ್ 86 ಎಂದಿತು. ಕರಗಿಸುವಾಗಿನ ನಷ್ಟವೆಂದು ಇನ್ನೂ ನೂರಕ್ಕೆ ಮೂರು ಮುರಿದುಕೊಂಡರು. ಕೈಗೆ ಬರುವುದು 1,94,202 ರೂಪಾಯಿ. ಮೂರೂ ಕಡಿತಗಳು ಒಂದೊಂದಾಗಿ ನೋಡಿದರೆ ನಂಬುವಂತೆಯೇ ಇವೆ. ಹೋದದ್ದು ಮಾತ್ರ 25,638 ರೂಪಾಯಿ.

ಮನೆಯಿಂದ ಹೊರಡುವ ಮೊದಲು

ಒಡವೆಯನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಮೆತ್ತಗಿನ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಕೊಳೆ, ಅರಿಶಿನ, ಎಣ್ಣೆ ಇದ್ದರೆ ‘ಕೊಳೆಯ ತೂಕ’ ಎಂದು ಮುರಿಯಲು ನೀವೇ ನೆಪ ಕೊಟ್ಟಂತಾಗುತ್ತದೆ. ಆಮೇಲೆ ಪರಿಚಯದ ಆಭರಣದ ಅಂಗಡಿಯಲ್ಲಿ ತೂಗಿಸಿ ಬರೆದಿಟ್ಟುಕೊಳ್ಳಿ. ಅದೇ ತಕ್ಕಡಿಯಲ್ಲಿ ಹತ್ತು ರೂಪಾಯಿಯ ಒಂದು ನಾಣ್ಯವನ್ನೂ ತೂಗಿ. ನಾಣ್ಯದ ತೂಕ ಮುದ್ರಣದಿಂದ ಮುದ್ರಣಕ್ಕೆ, ಸವೆತದಿಂದಲೂ, ತುಸು ಬದಲಾಗುತ್ತದೆ. ಹಾಗಾಗಿ ತೂಗಿದ ಆ ನಾಣ್ಯವನ್ನೇ ಜೇಬಿನಲ್ಲಿಟ್ಟುಕೊಳ್ಳಿ. ನಮ್ಮ ಲೆಕ್ಕಕ್ಕೆ ಅದು 7.71 ಗ್ರಾಂ ಇರಲಿ.

ಟಚ್ ತಿಳಿಯಲು ಮೊದಲು ಭೂತಗನ್ನಡಿಯಲ್ಲಿ ಮುದ್ರೆ ಹುಡುಕಿ. ಈಚಿನ ಒಡವೆಗಳಲ್ಲಿ ಬಿಐಎಸ್ ಗುರುತು, 22K916 ಎಂಬಂಥ ಶುದ್ಧತೆಯ ಗುರುತು ಮತ್ತು ಆರು ಅಕ್ಷರ-ಅಂಕಿಗಳ HUID ಇರುತ್ತವೆ. ಈ ಸಂಖ್ಯೆಯನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ಅಜ್ಜಿಯ ಕಾಲದ ಒಡವೆಯಲ್ಲಿ ಮುದ್ರೆ ಇರುವುದಿಲ್ಲ. ಅಂಥದ್ದನ್ನು ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಯ್ದರೆ ಸಾರ್ವಜನಿಕರಿಗೂ ಪರೀಕ್ಷಿಸಿ ವರದಿ ಕೊಡುತ್ತಾರೆ. 2022ರಲ್ಲಿ ಈ ಸೌಲಭ್ಯ ಪ್ರಕಟಿಸಿದಾಗ ನಾಲ್ಕು ಒಡವೆಗಳವರೆಗೆ ಶುಲ್ಕ 200 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು. ಮೇಲಿನ ಲೆಕ್ಕದ ಮುಂದೆ ಅದು ಏನೂ ಅಲ್ಲ.

ತಕ್ಕಡಿಯ ಮುಂದೆ

ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು, ಪರಿಶೀಲನೆಯ ಪ್ರಮಾಣಪತ್ರ ಅಂಗಡಿಯಲ್ಲಿ ಕಾಣುವಂತಿರಬೇಕು. ಸೀಲು ಕಿತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೀಲು ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಬೇಡ. ಒಳಗೆ ಬೇರೆ ಸರ್ಕ್ಯೂಟ್ ಕೂರಿಸಿ ರಿಮೋಟಿನಿಂದ ತೂಕ ಇಳಿಸುವ ತಕ್ಕಡಿಗಳು ಸಿಕ್ಕಿಬಿದ್ದದ್ದುಂಟು.

ತಟ್ಟೆ ಖಾಲಿ ಇದ್ದಾಗ 0.00 ಇರಬೇಕು. ಮೊದಲು ನಾಣ್ಯ ಒಂದನ್ನೇ ಇಡಿ: 7.71 ಬರಬೇಕು. ಅದನ್ನು ತೆಗೆದು ಸರ ಇಡಿ, ಅಂಕಿ ಬರೆದುಕೊಳ್ಳಿ. ಈಗ ಸರದ ಮೇಲೆಯೇ ನಾಣ್ಯವನ್ನು ಇಡಿ. ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಸರ ಇಟ್ಟ ಮೇಲೆ ಗುಂಡಿ ಒತ್ತಿ ನೂರಕ್ಕೆ ಮೂರು ಇಳಿಸಿದ್ದರೆ ನಾಣ್ಯ ಸೇರಿದಾಗ ಅಂಕಿ ಏರುವುದು 7.48 ಮಾತ್ರ. ಸ್ವಲ್ಪ ಹೊತ್ತಿಗೆ ಮುಂಚೆ 7.71 ಇದ್ದ ನಾಣ್ಯ ಹಗುರವಾಯಿತೇ ಎಂದು ಕೇಳಬಹುದು. ಶೇಕಡಾವಾರು ಅಲ್ಲದೆ ಅರ್ಧ ಗ್ರಾಮಿನಂಥ ಒಂದು ನಿಗದಿತ ತೂಕವನ್ನೇ ನುಂಗಿದ್ದರೆ ನಾಣ್ಯದ ಏರಿಕೆ ಸರಿಯಾಗಿಯೇ ಇರುತ್ತದೆ. ಆಗ ಎಲ್ಲವನ್ನೂ ಎತ್ತಿದ ಮೇಲೆ ಖಾಲಿ ತಟ್ಟೆ ಮೈನಸ್ ತೋರಿಸಬಹುದು, ಆದ್ದರಿಂದ ಸೊನ್ನೆಗೆ ಮರಳುವವರೆಗೂ ಕಣ್ಣು ತೆಗೆಯಬೇಡಿ. ಎರಡನ್ನೂ ದಾಟಿ ಉಳಿಯುವ ಮೋಸವೂ ಇದ್ದೀತು. ಅದಕ್ಕೇ ಬರೆದಿಟ್ಟ ತೂಕದ ಚೀಟಿ.

ಪ್ಲಾಸ್ಟಿಕ್ ಬಟ್ಟಲು ಇಟ್ಟು ಸೊನ್ನೆ ಮಾಡಿ, ಆಮೇಲೆ ಹಗುರವಾದ ಬೇರೆ ಬಟ್ಟಲಿನಲ್ಲಿ ಒಡವೆ ಇಡುವುದು ಇನ್ನೊಂದು ಹಳೇ ಉಪಾಯ. ‘ಬಟ್ಟಲು ಬೇಡ, ನೇರವಾಗಿ ತಟ್ಟೆಯ ಮೇಲೇ ಇಡಿ’ ಎಂದರೆ ಅದು ಮುಗಿಯಿತು.

ಒರೆಗಲ್ಲು ಮತ್ತು ಯಂತ್ರ

ಒರೆಗಲ್ಲಿನ ಮೇಲೆ ಒಡವೆ ಉಜ್ಜಿ, ಗೆರೆಗೆ ನೈಟ್ರಿಕ್ ಆಮ್ಲ ಹಚ್ಚಿ, ‘ನೋಡಿ, ಮಾಸಿಹೋಯಿತು, ಇದು 18 ಕ್ಯಾರೆಟ್’ ಎನ್ನುತ್ತಾರೆ. ಬರೀ ನೈಟ್ರಿಕ್ ಆಮ್ಲಕ್ಕೆ ಅಪ್ಪಟ ಚಿನ್ನ ಕರಗದು. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನೋ ಉಪ್ಪನ್ನೋ ಬೆರೆಸಿ ಚುರುಕು ಮಾಡಿದರೆ 22 ಕ್ಯಾರೆಟ್ ಗೆರೆಯೂ ಮಾಸುತ್ತದೆ. ಬಾಟಲಿ ನೋಡಿ ಇದು ಗೊತ್ತಾಗುವುದಿಲ್ಲ. ಹೋಲಿಕೆಗೆಂದೇ ಅಕ್ಕಸಾಲಿಗರ ಬಳಿ ಗೊತ್ತಿರುವ ಟಚ್‌ನ ಕಡ್ಡಿಗಳಿರುತ್ತವೆ. ನಿಮ್ಮ ಕೈಯಲ್ಲಿರುವ ಹಾಲ್‌ಮಾರ್ಕ್ ಉಂಗುರವನ್ನೂ ಪಕ್ಕದಲ್ಲೇ ಗೆರೆ ಎಳೆಸಿ, ಒಂದೇ ಆಮ್ಲವನ್ನು ಎರಡೂ ಗೆರೆಗಳ ಮೇಲೆ ಒಟ್ಟಿಗೆ ಹಾಯಿಸಲು ಹೇಳಿ. ಎರಡೂ ಮಾಸಿದರೆ ತಪ್ಪು ಆಮ್ಲದ್ದು, ಸರದ್ದಲ್ಲ. ಕಲ್ಲಿಗೆ ಉದ್ದಕ್ಕೆ ಗಟ್ಟಿಯಾಗಿ ಉಜ್ಜಲು ಬಿಡಬೇಡಿ. ಅಲ್ಲಿ ಉಳಿಯುವುದೂ ನಿಮ್ಮದೇ ಚಿನ್ನ.

ಈಗ ಹೆಚ್ಚಿನ ಕಡೆ ಎಕ್ಸ್-ರೇ ಯಂತ್ರ ಬಂದಿದೆ. ಅದು ನೋಡುವುದು ಮೇಲ್ಮೈಯ ಕೆಲವೇ ಮೈಕ್ರಾನ್ ಆಳ, ಅದೂ ಕಿರಣ ಬಿದ್ದ ಚುಕ್ಕೆಯಲ್ಲಿ ಮಾತ್ರ. ಚುಕ್ಕೆಯನ್ನು ಕೊಂಡಿಯ ಬೆಸುಗೆಯ ಮೇಲೆ ಬೀಳಿಸಿದರೆ ಟಚ್ ತಾನಾಗಿ ಇಳಿಯುತ್ತದೆ, ಏಕೆಂದರೆ ಬೆಸುಗೆಯಲ್ಲಿ ಚಿನ್ನ ಕಡಿಮೆ. ಆದ್ದರಿಂದ ಮೂರು ಬೇರೆ ಬೇರೆ ಜಾಗದ ಓದು ಕೇಳಿ, ಪರದೆಯ ಮೇಲೆ ಚುಕ್ಕೆ ಎಲ್ಲಿದೆ ನೋಡಿ. ಯಂತ್ರದ ಕ್ಯಾಲಿಬ್ರೇಷನ್‌ನಲ್ಲೇ ಅಂಕಿ ಇಳಿಸಿದ್ದರೆ ಜಾಗ ಬದಲಿಸಿ ಪ್ರಯೋಜನವಿಲ್ಲ. ಹಾಗಾಗಿ ಏನನ್ನೂ ಹೇಳದೆ 916 ಉಂಗುರವನ್ನೇ ಮೊದಲು ಕೊಡಿ. ಸುಮಾರು 91.6 ಬರಬೇಕಾದಲ್ಲಿ 87 ಬಂದರೆ ಸರವನ್ನು ಚೀಲದಿಂದ ತೆಗೆಯುವ ಅಗತ್ಯವೇ ಇಲ್ಲ.

ಒಂದು ಮಾತು: ಕಡಿಮೆ ಅಂಕಿಯೆಲ್ಲ ಮೋಸವಲ್ಲ. ಹಾಲ್‌ಮಾರ್ಕ್ ಇಲ್ಲದ ಕಾಲದ, ಬೆಸುಗೆ ಜಾಸ್ತಿಯಿರುವ ಒಡವೆಗಳು ನಿಜವಾಗಿಯೂ 22 ಕ್ಯಾರೆಟ್‌ಗಿಂತ ಕೆಳಗಿರಬಹುದು. ಒಳಗೆ ಅರಗು ತುಂಬಿದ ಬಳೆ, ಗುಂಡುಗಳಲ್ಲಿ ತೂಕದ ಒಂದು ಪಾಲು ಚಿನ್ನವೇ ಅಲ್ಲ.

ಕರಗಿಸುವುದು, ಹಣ ಎಣಿಸುವುದು

ಬೆಲೆ ಒಪ್ಪುವ ಮುನ್ನ ಕರಗಿಸಲು ಬಿಡಬೇಡಿ. ಕರಗಿದ ಕ್ಷಣ ಮುದ್ರೆ, HUID ಎಲ್ಲವೂ ಹೋದವು, ವಾದಿಸಲು ಸಾಕ್ಷಿಯೇ ಉಳಿಯುವುದಿಲ್ಲ. ಕರಗಿಸಲೇಬೇಕೆಂದರೆ ಕಣ್ಣೆದುರೇ ಆಗಲಿ. ಗಟ್ಟಿಯನ್ನು ತೆಗೆದ ಮೇಲೆ ಮೂಸೆಯನ್ನು ಇಣುಕಿ ನೋಡಿ: ಬಿಳಿಗಾರದ ಗಾಜಿನಂಥ ಪದರದಲ್ಲಿ ಚಿನ್ನದ ಸಣ್ಣ ಗುಂಡುಗಳು ಸಿಕ್ಕಿಕೊಂಡಿರುತ್ತವೆ. ಅವುಗಳನ್ನೂ ಬಿಡಿಸಿ ಗಟ್ಟಿಯ ಜೊತೆ ತೂಗಬೇಕು. ಗಟ್ಟಿಯನ್ನು ತೂಗಿ ಆಗಿದ್ದರೆ ‘ಕರಗಿಸುವ ನಷ್ಟ’ ಅದರಲ್ಲೇ ಸೇರಿಹೋಗಿದೆ, ಮತ್ತೆ ಮುರಿಯಲು ಅವಕಾಶವಿಲ್ಲ.

ಕೊನೆಯ ಗುಣಾಕಾರವನ್ನು ನೀವೇ ಮಾಡಿ. 24 ಕ್ಯಾರೆಟ್ ದರವನ್ನು ಟಚ್‌ನಿಂದ ಗುಣಿಸಬೇಕು. 22 ಕ್ಯಾರೆಟ್ ದರದಲ್ಲಿ ಆ ಕಡಿತ ಆಗಲೇ ಆಗಿರುತ್ತದೆ. ನಮ್ಮ ಸರಕ್ಕೆ 22 ಕ್ಯಾರೆಟ್ ದರ 9,160 ಇಟ್ಟು, ಅದನ್ನೇ ಮತ್ತೆ 91.6 ಟಚ್‌ನಿಂದ ಗುಣಿಸಿದರೆ 2,01,373 ರೂಪಾಯಿ. ತಕ್ಕಡಿ, ಯಂತ್ರ ಎರಡೂ ಸರಿಯಿದ್ದೂ 18,467 ರೂಪಾಯಿ ಕ್ಯಾಲ್ಕುಲೇಟರಿನಲ್ಲೇ ಹೋಯಿತು.

ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ದಂಡ ಬೀಳುವುದು ಪಡೆದವರಿಗೆ. ರಸೀದಿಯಲ್ಲಿ ಒಟ್ಟು ತೂಕ, ಕಲ್ಲು-ಅರಗಿಗೆ ಮುರಿದದ್ದು, ಟಚ್, ದರ ಇಷ್ಟೂ ಬೇರೆ ಬೇರೆ ಸಾಲಿನಲ್ಲಿರಲಿ. ತೂಕದ ದೂರಾದರೆ ಮಾಪನಶಾಸ್ತ್ರ ಇಲಾಖೆಗೆ, ಉಳಿದದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಕೇಳುವುದು ಆ ಸಾಲುಗಳನ್ನೇ.